ಪರೀಕ್ಷೆ ಪಾಸಾದ ಮಾತ್ರಕ್ಕೆ ಪಾಲಿಸಿ ಮಾರುವಂತಿಲ್ಲ: ಹೊಸ ಜೀವ ವಿಮೆ ಏಜೆಂಟರಿಗೆ ಅರ್ಜಿಯಿಂದ ಏಜೆನ್ಸಿ ಕೋಡ್‌ವರೆಗಿನ ದಾರಿ

"ಅಕ್ಕಾ, ಪಾಸಾದೆ! ಐವತ್ತಕ್ಕೆ ಮೂವತ್ತೊಂದು. ನಾಳೆ ಬೆಳಿಗ್ಗೆನೇ ನಮ್ಮ ಮಾವನವರ ಪಾಲಿಸಿ ಮಾಡಿಸಿಬಿಡ್ತೀನಿ."

ಪರೀಕ್ಷಾ ಕೇಂದ್ರದಿಂದ ಹೊರಗೆ ಬಂದ ತಕ್ಷಣ ಹೀಗೆ ಫೋನ್ ಮಾಡುವ ಹೊಸಬರು ನನಗೆ ತುಂಬಾ ಜನ ಸಿಕ್ಕಿದ್ದಾರೆ. ನಾನು ಜೀವ ವಿಮೆ ಏಜೆಂಟ್. ಹೊಸಬರ ಜೊತೆ ಕೂತು ಅರ್ಜಿ ತುಂಬಿಸುವ ಕೆಲಸವನ್ನೂ ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. ಅವರ ಖುಷಿ ನೋಡಿ ನನಗೂ ಖುಷಿಯಾಗುತ್ತದೆ. ಆದರೂ ಪ್ರತಿಸಲ ಹೇಳುವುದು ಒಂದೇ ಮಾತು: ನಾಳೆ ಬೇಡ. ನಿಮ್ಮ ಹೆಸರಿಗೆ ನೇಮಕಾತಿ ಪತ್ರ ಬರಲಿ, ಅದರಲ್ಲಿ ಏಜೆನ್ಸಿ ಕೋಡ್ ಇರಲಿ, ಆಮೇಲೆ ಮಾವನವರ ಮುಂದೆ ಕೂರಿ.

ಪರೀಕ್ಷೆ ಈ ದಾರಿಯ ಒಂದು ಮೆಟ್ಟಿಲು ಅಷ್ಟೇ. ಅದರ ಹಿಂದೆಯೂ ಕಾಗದದ ಕೆಲಸ ಇದೆ, ಮುಂದೆಯೂ ಇದೆ. ನಾನು ನೋಡಿದ ಹಾಗೆ ಜನ ಸಿಕ್ಕಿಹಾಕಿಕೊಳ್ಳುವುದು ಪರೀಕ್ಷೆಯಲ್ಲಿ ಕಡಿಮೆ, ಕಾಗದಪತ್ರದಲ್ಲಿ ಜಾಸ್ತಿ. ಮೊದಲ ಬಾರಿಗೆ ಒಂದು ಜೀವ ವಿಮಾ ಕಂಪನಿಗೆ ಏಜೆಂಟ್ ಆಗಲು ಹೊರಟವರಿಗಾಗಿ ಇಲ್ಲಿ ಆ ದಾರಿಯನ್ನು ಮೊದಲಿನಿಂದ ಹೇಳುತ್ತೇನೆ.

ಲೈಸೆನ್ಸ್ ಅಂದರೆ ಈಗ ಏನು

ಎಲ್ಲರೂ "ಏಜೆಂಟ್ ಲೈಸೆನ್ಸ್" ಅಂತಲೇ ಕರೆಯುತ್ತಾರೆ. ಹಿಂದೆ ಅದು ನಿಜವಾಗಿ ಲೈಸೆನ್ಸೇ ಆಗಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಹೆಸರಿನಲ್ಲಿ ಬರುತ್ತಿತ್ತು. 2015ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಆ ಪದ್ಧತಿ ಹೋಯಿತು. 1938ರ ವಿಮಾ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಈಗ ಏಜೆಂಟರನ್ನು ನೇಮಿಸುವುದು ವಿಮಾ ಕಂಪನಿಯೇ. ಹೇಗೆ ನೇಮಿಸಬೇಕು ಅನ್ನುವುದನ್ನು ಐಆರ್‌ಡಿಎಐನ 2016ರ ನಿಯಮಗಳು ಹೇಳುತ್ತವೆ. ಕಂಪನಿಯಲ್ಲಿ ಇದಕ್ಕೆಂದೇ ಒಬ್ಬ ಅಧಿಕಾರಿ ಇರುತ್ತಾರೆ. ನಿಯಮದಲ್ಲಿ ಅವರ ಹೆಸರು "ಡೆಸಿಗ್ನೇಟೆಡ್ ಅಫಿಶಿಯಲ್". ನಿಮ್ಮ ಅರ್ಜಿಗೆ ಹೂಂ ಅನ್ನುವವರೂ ಅವರೇ, ಬೇಡ ಅನ್ನುವವರೂ ಅವರೇ.

ಹಾಗಾಗಿ ಪರೀಕ್ಷೆ ಪಾಸಾದ ಸರ್ಟಿಫಿಕೇಟ್ ಒಂದು ಅರ್ಹತೆ ಮಾತ್ರ. ಮಾರುವ ಅಧಿಕಾರ ಕೊಡುವುದು ನೇಮಕಾತಿ ಪತ್ರ. ಡ್ರೈವಿಂಗ್ ಟೆಸ್ಟ್ ಪಾಸಾಗಿದೆ ಅಂತ ಡಿಎಲ್ ಕೈಗೆ ಬರುವ ಮೊದಲೇ ಯಾರೂ ಟ್ಯಾಕ್ಸಿ ಓಡಿಸುವುದಿಲ್ಲ ಅಲ್ವಾ? ಇದೂ ಹಾಗೆ.

ಯಾರು ಅರ್ಜಿ ಹಾಕಬಹುದು

ಇದು ಚಿಕ್ಕ ವಿಷಯ. ಹದಿನೆಂಟು ವರ್ಷ ತುಂಬಿರಬೇಕು. ಹತ್ತನೇ ತರಗತಿ ಪಾಸಾಗಿರಬೇಕು. ಪ್ಯಾನ್ ಕಾರ್ಡ್ ಬೇಕೇ ಬೇಕು. ವಂಚನೆ, ನಂಬಿಕೆ ದ್ರೋಹ, ಹಣ ದುರುಪಯೋಗ, ಫೋರ್ಜರಿ ಇಂಥ ಕೇಸಿನಲ್ಲಿ ತಪ್ಪಿತಸ್ಥ ಅಂತ ತೀರ್ಪಾಗಿದ್ದರೆ ಕಾಯ್ದೆಯೇ ತಡೆಯುತ್ತದೆ. ವಿಮಾ ಕಂಪನಿಗೋ ಪಾಲಿಸಿದಾರರಿಗೋ ಮೋಸ ಮಾಡುವುದರಲ್ಲಿ ಕೈಜೋಡಿಸಿದ್ದು ಗೊತ್ತಾದರೂ ಅಷ್ಟೇ.

ಸರ್ಕಾರಿ ನೌಕರರು ಮಾತ್ರ ಇಲ್ಲಿ ಸ್ವಲ್ಪ ನಿಲ್ಲಬೇಕು. ಕೇಂದ್ರ ಸರ್ಕಾರಿ ನೌಕರರ ನಡತೆ ನಿಯಮಗಳ 15ನೇ ನಿಯಮದಲ್ಲಿ ವಿಮಾ ಏಜೆನ್ಸಿಯ ಮಾತು ಸ್ಪಷ್ಟವಾಗಿದೆ. ಮನೆಯವರ ಹೆಸರಲ್ಲಿ ಏಜೆನ್ಸಿ ಇದ್ದರೂ ನೌಕರರು ಅದಕ್ಕಾಗಿ ಗಿರಾಕಿ ಹಿಡಿದುಕೊಡುವಂತಿಲ್ಲ. "ಹೆಂಡತಿ ಹೆಸರಲ್ಲಿ ಮಾಡಿಸಿ, ಆಫೀಸಿನಲ್ಲಿ ನೀವೇ ಪಾಲಿಸಿ ಹಿಡೀರಿ" ಅನ್ನುವ ಸಲಹೆ ಕೇಳಿದವರು ಬಹಳ ಮಂದಿ ಇದ್ದಾರೆ. ದಯವಿಟ್ಟು ಆ ಸಲಹೆ ಕೇಳಬೇಡಿ. ಏಜೆನ್ಸಿ ಹೆಂಡತಿಯದಾದರೆ ಕೆಲಸವೂ ಅವರದೇ ಆಗಿರಬೇಕು.

ಇನ್ನೊಂದು ಮಿತಿ ಎಲ್ಲರಿಗೂ ಅನ್ವಯಿಸುತ್ತದೆ. ಒಬ್ಬರು ಒಂದು ಜೀವ ವಿಮಾ ಕಂಪನಿಗೆ ಮಾತ್ರ ಏಜೆಂಟ್ ಆಗಬಹುದು. ಅದರ ಜೊತೆಗೆ ಒಂದು ಸಾಮಾನ್ಯ ವಿಮಾ ಕಂಪನಿ, ಒಂದು ಆರೋಗ್ಯ ವಿಮಾ ಕಂಪನಿ ಇಟ್ಟುಕೊಳ್ಳಬಹುದು. ಎರಡು ಜೀವ ವಿಮಾ ಕಂಪನಿ ಸಾಧ್ಯವಿಲ್ಲ. ಈ ಮಿತಿಯಿಂದ ಏನೆಲ್ಲ ತೊಂದರೆ ಹುಟ್ಟುತ್ತದೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲ ಹೆಜ್ಜೆ: ಮೂರು ಕಾರ್ಡ್‌ಗಳನ್ನು ಪಕ್ಕಪಕ್ಕ ಇಡಿ

ಅರ್ಜಿ ಕೈಗೆತ್ತಿಕೊಳ್ಳುವ ಮೊದಲು ಮೇಜಿನ ಮೇಲೆ ಮೂರು ಕಾಗದ ಇಡಿ: ಪ್ಯಾನ್ ಕಾರ್ಡ್, ಆಧಾರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ಮೂರರಲ್ಲೂ ನಿಮ್ಮ ಹೆಸರನ್ನು ಒಂದೊಂದೇ ಅಕ್ಷರ ಓದಿ. ಹುಟ್ಟಿದ ದಿನಾಂಕವನ್ನೂ ಓದಿ. ಇದಕ್ಕೆ ಹತ್ತು ನಿಮಿಷ ಸಾಕು. ಈ ಹತ್ತು ನಿಮಿಷ ಕೊಡದೆ ಎರಡು ತಿಂಗಳು ಕಳೆದುಕೊಂಡವರಿದ್ದಾರೆ.

ನಮ್ಮ ಕಡೆ ಹೆಸರಿನ ತೊಂದರೆ ಬರುವುದು ಇನಿಷಿಯಲ್‌ನಿಂದ. ನಾನು ಅರ್ಜಿ ತುಂಬಿಸಿದ ಒಬ್ಬ ಹೆಣ್ಣುಮಗಳ ವಿಷಯ ಕೇಳಿ. ಅವರ ಮಾರ್ಕ್ಸ್ ಕಾರ್ಡಿನಲ್ಲಿ "ಲಕ್ಷ್ಮೀದೇವಿ ಎಚ್." ಅಂತ ಇತ್ತು. ಆ "ಎಚ್" ತಂದೆಯ ಹೆಸರಿನ ಮೊದಲ ಅಕ್ಷರ. ಪ್ಯಾನ್ ಅರ್ಜಿಯಲ್ಲಿ ಪೂರ್ತಿ ಹೆಸರಿನ ಜಾಗದಲ್ಲಿ ಇನಿಷಿಯಲ್ ಬರೆಯುವಂತಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಪ್ಯಾನ್‌ನಲ್ಲಿ "ಲಕ್ಷ್ಮೀದೇವಿ ಹನುಮಂತಪ್ಪ" ಆಗಿತ್ತು. ಮದುವೆಯಾದ ಮೇಲೆ ಆಧಾರ್ ಬದಲಾಯಿಸಿದ್ದರು. ಅಲ್ಲಿ ಅಪ್ಪನ ಹೆಸರು ಹೋಗಿ ಗಂಡನ ಹೆಸರು ಬಂದಿತ್ತು. ಮನುಷ್ಯರು ಒಬ್ಬರೇ, ಹೆಸರು ಮೂರು.

ಇದರಲ್ಲಿ ಯಾವುದು ದೊಡ್ಡ ತೊಂದರೆ, ಯಾವುದು ಚಿಕ್ಕದು ಅಂತ ಬೇರೆ ಮಾಡಿ ನೋಡಬೇಕು. ಮಾರ್ಕ್ಸ್ ಕಾರ್ಡಿನ "ಎಚ್" ಪ್ಯಾನ್‌ನಲ್ಲಿ "ಹನುಮಂತಪ್ಪ" ಆಗಿದ್ದರೆ ಸಾಮಾನ್ಯವಾಗಿ ದೊಡ್ಡ ತಕರಾರು ಬರುವುದಿಲ್ಲ. ತಂದೆಯ ಹೆಸರು ಪ್ಯಾನ್ ಕಾರ್ಡಿನಲ್ಲೇ ಇರುತ್ತದೆ, ನೋಡಿದವರಿಗೆ ಅರ್ಥವಾಗುತ್ತದೆ. ಕೆಲವು ಕಡೆ ಇಬ್ಬರೂ ಒಬ್ಬರೇ ಅಂತ ನೋಟರಿ ಮಾಡಿಸಿದ ಅಫಿಡವಿಟ್ ಕೇಳುತ್ತಾರೆ, ಅಷ್ಟೇ. ಗಂಡನ ಹೆಸರು ಸೇರಿದ ಆಧಾರ್ ಮಾತ್ರ ಬೇರೆ ವಿಷಯ. ಪರೀಕ್ಷೆಯ ದಿನ ಗುರುತಿನ ಚೀಟಿ ಅಂತ ಅದನ್ನು ತೋರಿಸಿದರೆ, ಹಾಲ್ ಟಿಕೆಟ್‌ನಲ್ಲಿ ಪ್ಯಾನ್‌ನ ಹೆಸರು ಇದ್ದರೆ, ಬಾಗಿಲಲ್ಲೇ ಪ್ರಶ್ನೆ ಏಳುತ್ತದೆ.

ನಾವು ಮಾಡಿದ್ದು ಇಷ್ಟು. ಅರ್ಜಿಯಲ್ಲಿ ಪ್ಯಾನ್‌ನಲ್ಲಿ ಇರುವ ಹಾಗೆಯೇ ಹೆಸರು ಬರೆದೆವು. ಯಾಕೆಂದರೆ ಏಜೆಂಟರ ಇಡೀ ದಾಖಲೆ ನಿಂತಿರುವುದು ಪ್ಯಾನ್ ಮೇಲೆ. ಕಮಿಷನ್ ಬರುವುದು, ಅದರಲ್ಲಿ ತೆರಿಗೆ ಹಿಡಿಯುವುದು ಎಲ್ಲ ಅದೇ ನಂಬರಿಗೆ. ಪರೀಕ್ಷೆಗೆ ಗುರುತಿನ ಚೀಟಿಯಾಗಿ ಪ್ಯಾನ್ ಕಾರ್ಡನ್ನೇ ಒಯ್ಯಲು ಹೇಳಿದೆ. ಬ್ಯಾಂಕ್ ಪಾಸ್‌ಬುಕ್ ತೆಗೆಸಿ ನೋಡಿದರೆ ಅದೃಷ್ಟಕ್ಕೆ ಅದರಲ್ಲೂ ಪ್ಯಾನ್‌ನ ಹೆಸರೇ ಇತ್ತು. ಆಧಾರ್ ತಿದ್ದಿಸುವುದನ್ನು ಆಮೇಲೆ ನಿಧಾನಕ್ಕೆ ಮಾಡಿದರು.

ಪ್ಯಾನ್‌ನಲ್ಲೇ ಹೆಸರು ತಪ್ಪಾಗಿದ್ದರೆ, ಅಥವಾ ಹುಟ್ಟಿದ ದಿನಾಂಕ ಮಾರ್ಕ್ಸ್ ಕಾರ್ಡಿಗೆ ಹೊಂದದಿದ್ದರೆ, ಮೊದಲು ಪ್ಯಾನ್ ತಿದ್ದುಪಡಿ ಅರ್ಜಿ ಹಾಕಿ. ಹೊಸ ಪ್ಯಾನ್ ಮಾಡಿಸಬೇಡಿ. ಒಬ್ಬರ ಹತ್ತಿರ ಎರಡು ಪ್ಯಾನ್ ಇರುವಂತಿಲ್ಲ. ತಿದ್ದಿದ ಕಾರ್ಡ್ ಬರುವವರೆಗೆ ಏಜೆನ್ಸಿ ಅರ್ಜಿಗೆ ಕೈ ಹಾಕದಿರುವುದೇ ಒಳ್ಳೆಯದು. ಪಾಸಾದ ಸರ್ಟಿಫಿಕೇಟ್ ಒಂದು ಹೆಸರಲ್ಲಿ, ಪ್ಯಾನ್ ಇನ್ನೊಂದು ಹೆಸರಲ್ಲಿ ಆದರೆ ಆಮೇಲೆ ಹೊಂದಿಸುವುದು ಬಹಳ ಕಷ್ಟ.

ಎರಡನೇ ಹೆಜ್ಜೆ: ಹಳೇ ಏಜೆನ್ಸಿ ಇದೆಯಾ, ನೆನಪು ಮಾಡಿಕೊಳ್ಳಿ

"ನಾನು ಯಾವತ್ತೂ ಏಜೆಂಟ್ ಆಗಿರಲಿಲ್ಲ" ಅಂತ ಹೇಳುವವರನ್ನೂ ನಾನು ಎರಡು ಸಲ ಕೇಳುತ್ತೇನೆ. ಯಾರೋ ಸ್ನೇಹಿತರು ಟಾರ್ಗೆಟ್ ಇದೆ ಅಂತ ನಿಮ್ಮ ಹತ್ತಿರ ಸಹಿ ಹಾಕಿಸಿಕೊಂಡಿದ್ದರಾ? ಸುಮ್ನೆ ಹೋಗಿ ಒಂದು ಪರೀಕ್ಷೆ ಬರೆದು ಬಂದಿದ್ದಿರಾ? ಆಗ ಬಹಳಷ್ಟು ಜನ "ಹೂಂ, ಒಂದ್ಸಲ" ಅಂತ ನೆನಪಿಸಿಕೊಳ್ಳುತ್ತಾರೆ.

ಕಂಪನಿಗಳೆಲ್ಲ ಏಜೆಂಟರ ವಿವರವನ್ನು ಒಂದೇ ಕೇಂದ್ರ ಪೋರ್ಟಲ್‌ನಲ್ಲಿ ಇಡುತ್ತವೆ. ಅಲ್ಲಿ ಹುಡುಕುವುದು ಪ್ಯಾನ್ ನಂಬರಿನಿಂದ. ಅಧಿಕಾರಿ ನಿಮ್ಮ ಪ್ಯಾನ್ ಹಾಕಿದ ತಕ್ಷಣ ನೀವು ಬೇರೆ ಯಾವ ಕಂಪನಿಯಲ್ಲಿದ್ದೀರಿ ಅನ್ನುವುದು ಗೊತ್ತಾಗುತ್ತದೆ. ಕಪ್ಪುಪಟ್ಟಿಯಲ್ಲಿ ಹೆಸರಿದ್ದರೆ ಅದೂ ಕಾಣುತ್ತದೆ.

ನನಗೆ ಪರಿಚಯದ ಒಬ್ಬ ಹುಡುಗನಿಗೆ ಇದೇ ಆಯಿತು. ಕಾಲೇಜು ಮುಗಿದ ವರ್ಷ ನೆರೆಮನೆಯವರ ಒತ್ತಾಯಕ್ಕೆ ಒಂದು ಕಂಪನಿಯಲ್ಲಿ ಏಜೆಂಟ್ ಆಗಿದ್ದ. ಒಂದು ಪಾಲಿಸಿಯನ್ನೂ ಮಾಡಿರಲಿಲ್ಲ, ಮರೆತೂ ಹೋಗಿತ್ತು. ವರ್ಷಗಳಾದ ಮೇಲೆ ಬೇರೆ ಜೀವ ವಿಮಾ ಕಂಪನಿಗೆ ಅರ್ಜಿ ಹಾಕಿದಾಗ ಹಳೇ ಕೋಡ್ ಇನ್ನೂ ಜೀವಂತವಾಗಿತ್ತು. ಅರ್ಜಿ ಅಲ್ಲೇ ನಿಂತಿತು.

ಇಂಥ ಕಡೆ ದಾರಿ ಹೀಗಿದೆ. ಹಳೇ ಕಂಪನಿಗೆ ರಾಜೀನಾಮೆ ಪತ್ರ ಕೊಡಬೇಕು. ಅದರ ಜೊತೆ ಹಳೇ ನೇಮಕಾತಿ ಪತ್ರ ಮತ್ತು ಐಡಿ ಕಾರ್ಡ್ ಒಪ್ಪಿಸಬೇಕು. 2016ರ ನಿಯಮದ ಪ್ರಕಾರ ಆ ಕಂಪನಿ 15 ದಿನದೊಳಗೆ ಏಜೆನ್ಸಿ ಮುಗಿದಿದೆ ಅನ್ನುವ ಸರ್ಟಿಫಿಕೇಟ್ ಕೊಡಬೇಕು. ಅದಕ್ಕೆ ಸೆಸೇಶನ್ ಸರ್ಟಿಫಿಕೇಟ್ ಅನ್ನುತ್ತಾರೆ, ಅದು ಫಾರಂ ಐ-ಸಿ. ಆ ಸರ್ಟಿಫಿಕೇಟಿನ ದಿನಾಂಕದಿಂದ 90 ದಿನ ಕಳೆದ ಮೇಲೆಯೇ ಹೊಸ ಕಂಪನಿ ನಿಮ್ಮ ಅರ್ಜಿಯನ್ನು ಪರಿಗಣಿಸುತ್ತದೆ. ಎಣಿಕೆ ಶುರುವಾಗುವುದು ರಾಜೀನಾಮೆ ಕೊಟ್ಟ ದಿನದಿಂದ ಅಲ್ಲ, ಸರ್ಟಿಫಿಕೇಟ್ ಕೊಟ್ಟ ದಿನದಿಂದ. ಹಾಗಾಗಿ ರಾಜೀನಾಮೆಯನ್ನು ಬಾಯಿಮಾತಲ್ಲಿ ಹೇಳಿ ಬರಬೇಡಿ. ಬರೆದು ಕೊಡಿ, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಈ ಹುಡುಗ ಸುಮಾರು ನಾಲ್ಕು ತಿಂಗಳು ಕಾಯಬೇಕಾಯಿತು. ಮೊದಲೇ ಪ್ಯಾನ್ ನೋಡಿಸಿಕೊಂಡಿದ್ದರೆ ಆ ದಿನಗಳನ್ನು ಓದಿಗೆ ಬಳಸಬಹುದಿತ್ತು.

ಮೂರನೇ ಹೆಜ್ಜೆ: ಫಾರಂ ಐ-ಎ

ಏಜೆನ್ಸಿ ಅರ್ಜಿಯ ಹೆಸರು ಫಾರಂ ಐ-ಎ. ಕಂಪನಿ ತನ್ನ ಆ್ಯಪ್‌ನಲ್ಲಿ ತುಂಬಿಸಿದರೂ ಒಳಗಿರುವುದು ಇದೇ. ಹೆಸರು, ವಿಳಾಸ, ವಿದ್ಯೆ, ಪ್ಯಾನ್, ಫೋಟೊ ಇವೆಲ್ಲ ಸುಲಭ. ನಿಧಾನಕ್ಕೆ ಓದಬೇಕಾದದ್ದು ಕೊನೆಯ ಭಾಗ. ಹಿಂದೆ ಏಜೆನ್ಸಿ ಇತ್ತಾ, ಕಂಪನಿ ತೆಗೆದುಹಾಕಿತ್ತಾ, ಕೇಸ್ ಇದೆಯಾ ಅಂತ ಕೇಳುವುದು ಅಲ್ಲೇ. ಕೆಳಗೆ ನೀವು ಹೇಳಿದ್ದೆಲ್ಲ ನಿಜ ಅಂತ ಘೋಷಣೆ ಇರುತ್ತದೆ, ಸಹಿ ನಿಮ್ಮದು.

ಬಹಳ ಸಲ ಈ ಅರ್ಜಿಯನ್ನು ತುಂಬುವವರು ನಿಮ್ಮನ್ನು ಸೇರಿಸಿಕೊಳ್ಳುವ ಅಧಿಕಾರಿ ಅಥವಾ ಹಿರಿಯ ಏಜೆಂಟ್. ಅವರು ಅವಸರದಲ್ಲಿ ಎಲ್ಲದಕ್ಕೂ "ಇಲ್ಲ" ಅಂತ ಟಿಕ್ ಹಾಕಿಬಿಡುತ್ತಾರೆ. ಹಳೇ ಏಜೆನ್ಸಿ ಇದ್ದೂ "ಇಲ್ಲ" ಅಂತ ಇದ್ದರೆ ಅದು ನಿಮ್ಮ ಸುಳ್ಳು ಆಗುತ್ತದೆ, ಅವರದ್ದಲ್ಲ. ಸಹಿಗೆ ಮುಂಚೆ ಒಂದು ಸಲ ನೀವೇ ಓದಿ. ನಾಳೆ ಗಿರಾಕಿಯ ಪ್ರಪೋಸಲ್ ಫಾರಂ ತುಂಬುವಾಗ ಅವರಿಗೂ ನೀವು ಇದನ್ನೇ ಹೇಳಬೇಕಾಗುತ್ತದೆ.

ಅರ್ಜಿಯ ಜೊತೆ ಕೊಡುವುದು ಪ್ಯಾನ್, ವಿಳಾಸದ ದಾಖಲೆ, ಮಾರ್ಕ್ಸ್ ಕಾರ್ಡ್, ಫೋಟೊ, ಬ್ಯಾಂಕ್ ಪಾಸ್‌ಬುಕ್ ಅಥವಾ ಕ್ಯಾನ್ಸಲ್ ಮಾಡಿದ ಚೆಕ್. ಬ್ಯಾಂಕ್ ಖಾತೆ ನಿಮ್ಮ ಹೆಸರಿನದೇ ಇರಲಿ. ಕಮಿಷನ್ ಬರುವುದು ಏಜೆಂಟರ ಖಾತೆಗೆ, ಅಣ್ಣನ ಖಾತೆಗೋ ಗಂಡನ ಖಾತೆಗೋ ಅಲ್ಲ.

ಕಂಪನಿ ನಿಮ್ಮನ್ನು ಪೋರ್ಟಲ್‌ನಲ್ಲಿ ಸೇರಿಸಿದ ಮೇಲೆ ಒಂದು ನಂಬರ್ ಬರುತ್ತದೆ. ಅದಕ್ಕೆ ಯುಆರ್‌ಎನ್ ಅಂತ ಹೆಸರು. ಪರೀಕ್ಷೆಯ ಬುಕಿಂಗ್‌ಗೆ ಅದೇ ಆಧಾರ, ಬರೆದಿಟ್ಟುಕೊಳ್ಳಿ. ಇದೇ ಹೊತ್ತಿಗೆ ಕಂಪನಿ ತರಬೇತಿ ಕೊಡುತ್ತದೆ, ಸಾಮಾನ್ಯವಾಗಿ 25 ಗಂಟೆ. ಈಗ ಅದರ ಬಹುಪಾಲು ಮೊಬೈಲ್‌ನಲ್ಲೇ ನಡೆಯುತ್ತದೆ. ವಿಡಿಯೋ ಹಾಕಿಟ್ಟು ಅಡುಗೆಮನೆಗೆ ಹೋಗಿಬಿಡುವವರಿದ್ದಾರೆ. ಗಂಟೆ ತುಂಬುತ್ತದೆ, ಓದು ತುಂಬುವುದಿಲ್ಲ.

ನಾಲ್ಕನೇ ಹೆಜ್ಜೆ: ಐಸಿ-38 ಪರೀಕ್ಷೆ

ಪರೀಕ್ಷೆ ನಡೆಸುವ ಸಂಸ್ಥೆ ಮುಂಬೈನ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ. ಪಠ್ಯದ ಹೆಸರು ಐಸಿ-38. ಜೀವ ವಿಮೆಗೆ 50 ಪ್ರಶ್ನೆ, ಒಂದು ಗಂಟೆ ಸಮಯ, ಎಲ್ಲ ಕಂಪ್ಯೂಟರ್ ಮೇಲೆ. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ ಇರುತ್ತದೆ, ಒಂದನ್ನು ಆರಿಸಬೇಕು. ಪಾಸಾಗಲು ಶೇಕಡ 35 ಬೇಕು. 50ಕ್ಕೆ ಲೆಕ್ಕ ಹಾಕಿದರೆ 17.5, ಅಂದರೆ 18 ಸರಿ ಉತ್ತರ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಕನ್ನಡದಲ್ಲೂ ಬರೆಯಬಹುದು. ಭಾಷೆಯನ್ನು ಆರಿಸುವುದು ಬುಕಿಂಗ್ ಮಾಡುವಾಗ, ಪರೀಕ್ಷೆಯ ದಿನ ಅಲ್ಲ. ಇಲ್ಲಿ ಒಂದು ಮಾತು. ತರಬೇತಿಯಲ್ಲಿ ನಾವು "ಇನ್ಶೂರೆಬಲ್ ಇಂಟರೆಸ್ಟ್", "ನಾಮಿನೇಷನ್" ಅಂತಲೇ ಮಾತಾಡುತ್ತೇವೆ. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಅದೇ ಮಾತು "ವಿಮಾ ಹಿತಾಸಕ್ತಿ", "ನಾಮನಿರ್ದೇಶನ" ಅನ್ನುವಂಥ ಪುಸ್ತಕದ ಕನ್ನಡದಲ್ಲಿ ಬರುತ್ತದೆ. ವಿಷಯ ಗೊತ್ತಿದ್ದೂ ಪದ ಗೊತ್ತಾಗದೆ ಕೂತವರಿದ್ದಾರೆ. ಕನ್ನಡದಲ್ಲಿ ಬರೆಯುವವರು ಕನ್ನಡ ಪಠ್ಯಪುಸ್ತಕವನ್ನೇ ಓದಿ.

ಎಂಥ ಪ್ರಶ್ನೆ ಬರುತ್ತದೆ ಅಂತ ಎರಡು ಉದಾಹರಣೆ ಹೇಳುತ್ತೇನೆ.

ಒಂದು ಲೆಕ್ಕ. ಒಬ್ಬರ ವರ್ಷದ ಆದಾಯ 6 ಲಕ್ಷ. ಅದರಲ್ಲಿ ತಮ್ಮ ಸ್ವಂತಕ್ಕೆ 1 ಲಕ್ಷದ 20 ಸಾವಿರ ಖರ್ಚು ಮಾಡುತ್ತಾರೆ. ಬಡ್ಡಿ ದರ ಶೇಕಡ 8. ಇವರ ಜೀವದ ಆರ್ಥಿಕ ಮೌಲ್ಯ ಎಷ್ಟು? ಮನೆಯವರಿಗೆ ಉಳಿಯುವುದು 6 ಲಕ್ಷದಲ್ಲಿ 1.2 ಲಕ್ಷ ಕಳೆದರೆ 4.8 ಲಕ್ಷ. ಅವರು ಇಲ್ಲದಿದ್ದಾಗ ಇಷ್ಟೇ ಹಣ ಪ್ರತಿವರ್ಷ ಬಡ್ಡಿಯಾಗಿ ಬರಬೇಕಾದರೆ ಎಷ್ಟು ಅಸಲು ಬೇಕು? 4.8 ಲಕ್ಷವನ್ನು 0.08ರಿಂದ ಭಾಗಿಸಿ. 60 ಲಕ್ಷ. ಹೊಸಬರು ಸ್ವಂತ ಖರ್ಚು ಕಳೆಯುವುದನ್ನು ಮರೆತು 75 ಲಕ್ಷ ಅಂತ ಟಿಕ್ ಮಾಡುತ್ತಾರೆ. ಕೊಟ್ಟ ನಾಲ್ಕು ಉತ್ತರಗಳಲ್ಲಿ ಆ 75 ಲಕ್ಷವೂ ಇದ್ದರೆ ಯಾವ ಅನುಮಾನವೂ ಬರುವುದಿಲ್ಲ.

ಇನ್ನೊಂದು ಕಾನೂನಿನ ಪ್ರಶ್ನೆ. ವಿಮಾ ಹಿತಾಸಕ್ತಿ, ಅಂದರೆ ವಿಮೆ ಮಾಡಿದ ಜೀವಕ್ಕೋ ವಸ್ತುವಿಗೋ ಏನಾದರೂ ಆದರೆ ವಿಮೆ ಮಾಡಿಸಿದವರಿಗೆ ಹಣದ ನಷ್ಟವಾಗುವಂಥ ಸಂಬಂಧ, ಯಾವಾಗ ಇರಬೇಕು? ಜೀವ ವಿಮೆಯಲ್ಲಿ ಪಾಲಿಸಿ ತೆಗೆದುಕೊಳ್ಳುವಾಗ ಇದ್ದರೆ ಸಾಕು. ಬೆಂಕಿ ವಿಮೆಯಲ್ಲಿ ಪಾಲಿಸಿ ತೆಗೆದುಕೊಳ್ಳುವಾಗಲೂ ಇರಬೇಕು, ನಷ್ಟವಾದಾಗಲೂ ಇರಬೇಕು. ಹಡಗಿನ ಸರಕಿನ ವಿಮೆಯಲ್ಲಿ ನಷ್ಟವಾದ ಹೊತ್ತಿಗೆ ಇರಬೇಕು. ಯಾಕೆ ಹೀಗೆ ಅಂತ ಒಂದು ಸಲ ಯೋಚಿಸಿದರೆ ಮರೆಯುವುದಿಲ್ಲ. ಸರಕು ಸಮುದ್ರದ ನಡುವೆ ಇರುವಾಗಲೇ ಕೈ ಬದಲಾಗಬಹುದು. ಹಾಗಾಗಿ ಅಲ್ಲಿ ಲೆಕ್ಕಕ್ಕೆ ಬರುವುದು ನಷ್ಟವಾದ ದಿನ ಅದು ಯಾರದ್ದು ಅನ್ನುವುದು.

18 ಅಂಕ ಕಡಿಮೆ ಅನ್ನಿಸಬಹುದು. ಆದರೂ ಫೇಲ್ ಆಗುವವರು ಇದ್ದಾರೆ. ಕಾರಣ ಹೆಚ್ಚಾಗಿ ಎರಡು. "ಇವುಗಳಲ್ಲಿ ಯಾವುದು ಸರಿಯಲ್ಲ" ಅನ್ನುವ ಪ್ರಶ್ನೆಯಲ್ಲಿ ಆ "ಅಲ್ಲ" ಕಣ್ಣಿಗೆ ಬೀಳುವುದಿಲ್ಲ. ಎರಡನೆಯದು ಹಳೇ ನೋಟ್ಸ್. ವಾಟ್ಸಾಪ್‌ನಲ್ಲಿ ಓಡಾಡುವ ಪ್ರಶ್ನೋತ್ತರಗಳು ಎಷ್ಟೋ ವರ್ಷ ಹಳೆಯವು. ಪಾಲಿಸಿ ಬೇಡ ಅನ್ನಿಸಿದರೆ ವಾಪಸ್ ಕೊಡುವ ಫ್ರೀ ಲುಕ್ ಅವಧಿಯನ್ನೇ ತೆಗೆದುಕೊಳ್ಳಿ. ಹಳೇ ನೋಟ್ಸ್‌ನಲ್ಲಿ 15 ದಿನ ಅಂತ ಇರುತ್ತದೆ. 2024ರ ನಿಯಮ ಬಂದ ಮೇಲೆ ಅದು 30 ದಿನ. ಪರೀಕ್ಷೆಯ ಅಂಕ ಹೋಗುವುದು ಒಂದು ಕಡೆ, ಗಿರಾಕಿಗೆ ತಪ್ಪು ಹೇಳುವುದು ಇನ್ನೂ ದೊಡ್ಡ ವಿಷಯ. ಹೊಸ ಆವೃತ್ತಿಯ ಪಠ್ಯವನ್ನೇ ಹಿಡಿಯಿರಿ.

ಪರೀಕ್ಷೆಯ ದಿನ ಹಾಲ್ ಟಿಕೆಟ್ ಪ್ರಿಂಟ್ ಮತ್ತು ಫೋಟೊ ಇರುವ ಮೂಲ ಗುರುತಿನ ಚೀಟಿ ಬೇಕು. ಮೊಬೈಲ್‌ನಲ್ಲಿರುವ ಫೋಟೊ ತೋರಿಸಿದರೆ ನಡೆಯುತ್ತದೆ ಅಂತ ನಂಬಿ ಹೋಗಬೇಡಿ.

ಐದನೇ ಹೆಜ್ಜೆ: ಪಾಸಾದ ಮೇಲಿನ ದಿನಗಳು

ಪಾಸ್ ಸರ್ಟಿಫಿಕೇಟ್ ಮೊದಲ ನೇಮಕಕ್ಕೆ 12 ತಿಂಗಳು ನಡೆಯುತ್ತದೆ. ಆಮೇಲೆ ನೋಡೋಣ ಅಂತ ಬೀರುವಿನಲ್ಲಿ ಇಟ್ಟು ವರ್ಷ ಕಳೆದರೆ ಮತ್ತೆ ಪರೀಕ್ಷೆ ಬರೆಯಬೇಕಾಗುತ್ತದೆ.

ಆ ಲಕ್ಷ್ಮೀದೇವಿ ಎಚ್. ಅವರ ಲೆಕ್ಕವನ್ನೇ ನೋಡೋಣ. ಜೂನ್ 10ಕ್ಕೆ ಪಾಸಾದರು ಅಂತ ಇಟ್ಟುಕೊಳ್ಳಿ. ಎಲ್ಲ ದಾಖಲೆ ಸೇರಿಸಿ ಜೂನ್ 20ಕ್ಕೆ ಕಂಪನಿಗೆ ಕೊಟ್ಟರು. ದಾಖಲೆಗಳೆಲ್ಲ ಸಿಕ್ಕಿದ ದಿನದಿಂದ 15 ದಿನದೊಳಗೆ ಅಧಿಕಾರಿ ನೇಮಕ ಮಾಡಬೇಕು, ಅಂದರೆ ಜುಲೈ 5. ನೇಮಕವಾಗಿ 7 ದಿನದೊಳಗೆ ಪತ್ರ ಕಳಿಸಬೇಕು, ಅಂದರೆ ಜುಲೈ 12. ಇಲ್ಲಿ "ಎಲ್ಲ ದಾಖಲೆ" ಅನ್ನುವ ಮಾತು ಮುಖ್ಯ. ಪಾಸ್‌ಬುಕ್ ಪ್ರತಿಯೊಂದು ಬಾಕಿ ಇದ್ದು ಅದನ್ನು ಜೂನ್ 28ಕ್ಕೆ ಕೊಟ್ಟರೆ ಎಣಿಕೆ ಜೂನ್ 28ರಿಂದ. ಹಾಗಾಗಿ ಕೊಟ್ಟ ದಿನವೇ "ಇನ್ನೇನಾದರೂ ಬಾಕಿ ಇದೆಯಾ" ಅಂತ ಕೇಳಿ, ಉತ್ತರವನ್ನು ಮೆಸೇಜ್‌ನಲ್ಲಿ ತೆಗೆದುಕೊಳ್ಳಿ.

ಅರ್ಜಿ ತಿರಸ್ಕಾರವಾದರೆ ಕಾರಣವನ್ನು 21 ದಿನದೊಳಗೆ ತಿಳಿಸಬೇಕು. ಆ ಕಾರಣ ಸರಿಯಲ್ಲ ಅನ್ನಿಸಿದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು. ಇದು ನಿಮಗಿರುವ ಹಕ್ಕು. "ರಿಜೆಕ್ಟ್ ಆಯ್ತು" ಅಂತ ಫೋನ್‌ನಲ್ಲಿ ಹೇಳಿದ್ದನ್ನು ಕೇಳಿ ಸುಮ್ಮನೆ ಕೂರಬೇಡಿ, ಕಾರಣವನ್ನು ಬರಹದಲ್ಲಿ ಕೇಳಿ.

ನೇಮಕಾತಿ ಪತ್ರ ಬಂದ ದಿನ ನಾಲ್ಕು ಜಾಗ ನೋಡಿ: ಹೆಸರು, ಪ್ಯಾನ್, ಏಜೆನ್ಸಿ ಕೋಡ್, ನೇಮಕದ ದಿನಾಂಕ. ಕೋಡ್‌ನ ಮುಂದೆ ಕಂಪನಿಯ ಹೆಸರಿನ ಕಿರುರೂಪ ಇರುತ್ತದೆ. ಪತ್ರದ ಜೊತೆ ಷರತ್ತುಗಳು ಮತ್ತು ನಡತೆ ಸಂಹಿತೆ ಇರುತ್ತವೆ. ಅದನ್ನು ಓದಲು ಯಾರೂ ಪುರುಸೊತ್ತು ಮಾಡಿಕೊಳ್ಳುವುದಿಲ್ಲ, ನೀವು ಮಾಡಿಕೊಳ್ಳಿ. ಗಿರಾಕಿ ಕೇಳಿದರೆ ಐಡಿ ಕಾರ್ಡ್ ತೋರಿಸಬೇಕು, ಕಮಿಷನ್ ಎಷ್ಟು ಅಂತ ಕೇಳಿದರೂ ಹೇಳಬೇಕು ಅನ್ನುವುದು ಅದರಲ್ಲೇ ಇದೆ. ಐಡಿ ಕಾರ್ಡನ್ನು ಕಂಪನಿಯೇ ಕೊಡಬೇಕು. ಬರದಿದ್ದರೆ ಕೇಳಿ ತೆಗೆದುಕೊಳ್ಳಿ.

"ಅಲ್ಲಿಯವರೆಗೆ ನನ್ನ ಕೋಡ್‌ನಲ್ಲಿ ಹಾಕು"

ನನಗೆ ಬೇಸರ ತರಿಸುವ ಮಾತು ಇದು. ಪಾಸಾದ ದಿನಕ್ಕೂ ಕೋಡ್ ಬರುವ ದಿನಕ್ಕೂ ನಡುವೆ ಕೆಲವು ವಾರ ಇರುತ್ತದೆ. ಆಗ ಹಿರಿಯರು ಯಾರಾದರೂ ಪ್ರೀತಿಯಿಂದಲೇ ಹೀಗೆ ಹೇಳುತ್ತಾರೆ. ನಾನು ಹೊಸಬಳಾಗಿದ್ದಾಗ ನನಗೂ ಹೇಳಿದ್ದರು, ನಾನೂ ಒಂದು ಪಾಲಿಸಿ ಹಾಗೆ ಮಾಡಿಸಿದ್ದೆ. ನನ್ನ ಚಿಕ್ಕಮ್ಮನ ಪಾಲಿಸಿ ಅದು.

ಆಮೇಲೆ ಅರ್ಥವಾಯಿತು. ಆ ಪಾಲಿಸಿ ದಾಖಲೆಯಲ್ಲಿ ಯಾವತ್ತೂ ನನ್ನದಲ್ಲ. ಪ್ರತಿವರ್ಷದ ರಿನ್ಯೂವಲ್ ಕಮಿಷನ್ ಕೋಡ್ ಯಾರದೋ ಅವರಿಗೆ ಹೋಗುತ್ತದೆ. ಅದು ಹೋಗಲಿ. ಜೀವ ವಿಮೆಯ ಪ್ರಪೋಸಲ್ ಜೊತೆ ಏಜೆಂಟರ ಗೋಪ್ಯ ವರದಿ ಅಂತ ಒಂದು ಹಾಳೆ ಇರುತ್ತದೆ. ಈ ವ್ಯಕ್ತಿಯನ್ನು ಎಷ್ಟು ಕಾಲದಿಂದ ಬಲ್ಲಿರಿ, ಆರೋಗ್ಯ ಹೇಗಿದೆ, ಆದಾಯ ಎಷ್ಟು ಅಂತ ಅದು ಕೇಳುತ್ತದೆ. ಚಿಕ್ಕಮ್ಮನನ್ನು ಒಂದು ಸಲವೂ ನೋಡದವರು ಅದಕ್ಕೆ ಸಹಿ ಹಾಕಿದ್ದರು. ನಾಳೆ ಕ್ಲೇಮಿನಲ್ಲಿ ತಕರಾರು ಬಂದರೆ, ಏಜೆಂಟರನ್ನು ಕೇಳಿದರೆ, ಅವರು ಏನು ಹೇಳುತ್ತಾರೆ? ಚಿಕ್ಕಮ್ಮ ಸಕ್ಕರೆ ಕಾಯಿಲೆಯ ವಿಷಯ ಹೇಳಿದ್ದು ನನಗೆ, ಸಹಿ ಹಾಕಿದವರಿಗಲ್ಲ. ಪುಣ್ಯಕ್ಕೆ ಪ್ರಪೋಸಲ್‌ನಲ್ಲಿ ಅದನ್ನು ಬರೆಸಿದ್ದೆ.

ಗಿರಾಕಿಗಳು ಕಾಯುವುದಿಲ್ಲ ಅನ್ನುವ ಭಯ ನಿಜ. ಆ ವಾರಗಳಲ್ಲಿ ಮಾಡಬಹುದಾದ ಕೆಲಸ ಇದೆ. ನಿಮ್ಮ ಕಂಪನಿಯ ಎರಡು ಮೂರು ಪ್ಲಾನ್‌ಗಳ ಪಾಲಿಸಿ ದಸ್ತಾವೇಜನ್ನು ಷರತ್ತುಗಳ ಸಮೇತ ಓದಿ. ಖಾಲಿ ಪ್ರಪೋಸಲ್ ಫಾರಂ ತಂದು ನಿಮ್ಮ ಸ್ವಂತ ವಿವರದಿಂದ ಪೂರ್ತಿ ತುಂಬಿ ನೋಡಿ. ಯಾವ ಪ್ರಶ್ನೆಯಲ್ಲಿ ತಡವರಿಸುತ್ತೀರೋ ಗಿರಾಕಿಯೂ ಅಲ್ಲೇ ತಡವರಿಸುತ್ತಾರೆ. ಹಿರಿಯ ಏಜೆಂಟರು ಗಿರಾಕಿ ಹತ್ತಿರ ಹೋಗುವಾಗ ಜೊತೆಗೆ ಹೋಗಿ ಕೂರಿ, ಕೇಳಿಸಿಕೊಳ್ಳಿ. ಮಾತಾಡಿ ಒಪ್ಪಿಸುವುದು, ಹಣ ಪಡೆಯುವುದು ಬೇಡ.

ಮೊದಲ ಪ್ರಪೋಸಲ್

ಕೋಡ್ ಬಂತು, ಮಾವನವರು ಎದುರಿಗೆ ಕೂತಿದ್ದಾರೆ ಅಂದುಕೊಳ್ಳಿ. "ನಮ್ಮ ಮನೆ ಹುಡುಗಿ, ಕಮಿಷನ್‌ನಲ್ಲಿ ಸ್ವಲ್ಪ ವಾಪಸ್ ಕೊಡ್ತೀಯಲ್ಲಾ" ಅಂತ ಮೊದಲ ದಿನವೇ ಕೇಳಬಹುದು. ಕೊಡುವಂತಿಲ್ಲ. ವಿಮಾ ಕಾಯ್ದೆಯ 41ನೇ ಸೆಕ್ಷನ್ ಅದನ್ನು ತಡೆಯುತ್ತದೆ, ಕೊಟ್ಟರೂ ತಪ್ಪು, ತೆಗೆದುಕೊಂಡರೂ ತಪ್ಪು. ಆ ಸೆಕ್ಷನ್ನನ್ನು ಪ್ರಪೋಸಲ್ ಫಾರಂನಲ್ಲೇ ಅಚ್ಚು ಹಾಕಿರುತ್ತಾರೆ. ಬಾಯಲ್ಲಿ ಹೇಳಲು ಸಂಕೋಚವಾದರೆ ಆ ಸಾಲುಗಳ ಮೇಲೆ ಬೆರಳಿಟ್ಟು ತೋರಿಸಿ, ಮಾವನವರಿಗೆ ಬೇಜಾರಾಗುವುದಿಲ್ಲ.

ಆರೋಗ್ಯದ ಪ್ರಶ್ನೆಗಳನ್ನು ಒಂದೊಂದಾಗಿ ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಓದಿ ಹೇಳಿ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಬರೆಯಿರಿ. ಬರೆದರೆ ಪ್ರೀಮಿಯಂ ಜಾಸ್ತಿಯಾಗಬಹುದು, ವೈದ್ಯಕೀಯ ಪರೀಕ್ಷೆ ಕೇಳಬಹುದು. ಬರೆಯದಿದ್ದರೆ ಮೊದಲ ಮೂರು ವರ್ಷದೊಳಗೆ ಆ ಕಾರಣಕ್ಕೆ ಪಾಲಿಸಿಯನ್ನೇ ಪ್ರಶ್ನಿಸಲು ಕಂಪನಿಗೆ 45ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆ ದಿನ ಅತ್ತೆಯವರು ಫೋನ್ ಮಾಡುವುದು ನಿಮಗೇ.

ಪ್ರೀಮಿಯಂ ಅನ್ನು ಆದಷ್ಟು ಅವರ ಖಾತೆಯಿಂದ ನೇರವಾಗಿ ಕಂಪನಿಗೆ ಕಟ್ಟಿಸಿ. ನಿಮ್ಮ ಕೈಗೆ ಚೆಕ್ಕೋ ನಗದೋ ಬಂದರೆ ರಜಾ ದಿನ ಬಿಟ್ಟು 24 ಗಂಟೆಯೊಳಗೆ ಕಂಪನಿಗೆ ಮುಟ್ಟಿಸಬೇಕು. ಕಮಿಷನ್ ಮುರಿದುಕೊಂಡು ಉಳಿದದ್ದು ಕಟ್ಟುವಂತಿಲ್ಲ, ಪೂರ್ತಿ ಕಟ್ಟಬೇಕು. ರಸೀದಿಯನ್ನು ಅವರಿಗೆ ಕೊಟ್ಟು, ನಾಮಿನಿಯ ಹೆಸರು ಮತ್ತು ಹುಟ್ಟಿದ ದಿನಾಂಕ ಸರಿ ಇದೆಯಾ ಅಂತ ಅತ್ತೆಯವರ ಆಧಾರ್ ತರಿಸಿ ಇನ್ನೊಮ್ಮೆ ಹೋಲಿಸಿ. ಗೋಪ್ಯ ವರದಿಯನ್ನು ಕೊನೆಗೆ ತೆಗೆದುಕೊಳ್ಳಿ. "ಎಷ್ಟು ಕಾಲದಿಂದ ಬಲ್ಲಿರಿ" ಅನ್ನುವ ಕಡೆ ನಿಜವಾದ ವರ್ಷ ಬರೆಯಿರಿ. "ಸಂಬಂಧಿಯೇ" ಅನ್ನುವ ಕಡೆ ಹೌದು, ಮಾವ ಅಂತ ಬರೆಯಿರಿ. ಕೆಳಗೆ ನಿಮ್ಮ ಸಹಿ, ನಿಮ್ಮ ಕೋಡ್, ಆ ದಿನದ ತಾರೀಕು. ಆ ತಾರೀಕು ನೇಮಕಾತಿ ಪತ್ರದ ತಾರೀಕಿಗಿಂತ ಒಂದು ದಿನವೂ ಹಿಂದಿನದಾಗಿರಬಾರದು.